ಅರ್ಧ ಲೀಟರ್ ಶೇಂಗಾ ಎಣ್ಣೆ: ರೀಲ್ಸ್‌ಗೆ ತಿದ್ದಿದ ಸ್ಕ್ರಿಪ್ಟ್

ಅಕ್ಕಾ, ನೀವು ಕಳಿಸಿದ್ದು ಹೀಗಿತ್ತು:

"ಗ್ರಾಹಕರ ಬೇಡಿಕೆಯನ್ನು ಗಮನದಲ್ಲಿರಿಸಿಕೊಂಡು, ಮರದ ಗಾಣದಲ್ಲಿ ತಯಾರಿಸಲಾದ ಪರಿಶುದ್ಧ ಶೇಂಗಾ ಎಣ್ಣೆಯನ್ನು 500 ಮಿ.ಲೀ. ಪ್ರಮಾಣದಲ್ಲಿ ಪರಿಚಯಿಸಲು ನಮ್ಮ ಸಂಸ್ಥೆಯು ಹರ್ಷಿಸುತ್ತದೆ. ಇದು ಹೃದಯದ ಆರೋಗ್ಯಕ್ಕೆ ಅತ್ಯುತ್ತಮವಾಗಿದೆ."

ಹೃದಯದ ಮಾತು ತೆಗೆದಿದ್ದೇನೆ. ಅದನ್ನು ಹೇಳಲು ನಮ್ಮ ಹತ್ತಿರ ಆಧಾರ ಇಲ್ಲ. ಅಡುಗೆಮನೆಯಲ್ಲೇ ನಿಂತು, ಪಕ್ಕದ ಮನೆಯವರ ಜೊತೆ ಮಾತಾಡಿದ ಹಾಗೆ ಹೇಳಿ. ಸಾಲು ಮರೆತರೆ ನಿಮ್ಮ ಮಾತಿನಲ್ಲೇ ಮುಂದುವರಿಸಿ.

ಮೊದಲ ವಿಡಿಯೊ, 45 ಸೆಕೆಂಡ್

(ಬಾಣಲೆಯಲ್ಲಿ ಸಾಸಿವೆ ಸಿಡಿಯುತ್ತಿದೆ. ಎರಡು ಸೆಕೆಂಡ್ ಆ ಸದ್ದು ಮಾತ್ರ.)

ಈ ಘಮ ಫೋನಿನಲ್ಲಿ ಕಳಿಸುವ ಹಾಗಿದ್ದಿದ್ದರೆ ನಾನು ಮಾತೇ ಆಡುತ್ತಿರಲಿಲ್ಲ! ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೇನೆ. ಎಣ್ಣೆ ನಮ್ಮ ಗಾಣದ್ದೇ.

ನಮ್ಮೂರು ಚಳ್ಳಕೆರೆ. ಎಣ್ಣೆ ಮಿಲ್ಲುಗಳ ಊರು ಅಂತ ನಿಮಗೆ ಗೊತ್ತೇ ಇರುತ್ತದೆ. ನಮ್ಮದು ಮಾತ್ರ ಮರದ ಗಾಣ, ಸ್ವಲ್ಪ ನಿಧಾನ. 15 ಕೆಜಿ ಶೇಂಗಾ ಬೀಜ ಹಾಕಿದರೆ ಸಿಗುವುದು 6 ಲೀಟರ್ ಆಸುಪಾಸು. ಹಿಂಡಿ ದನಗಳ ಪಾಲು.

(ಚಿಕ್ಕ ಬಾಟಲಿ ಕೈಗೆ ತೆಗೆದುಕೊಂಡು)

ತುಂಬಾ ಜನ ಕೇಳುತ್ತಿದ್ದಿರಿ, "ಒಂದೇ ಸಲ ಒಂದು ಲೀಟರ್ ಯಾಕೆ, ಮೊದಲು ಸ್ವಲ್ಪ ರುಚಿ ನೋಡೋಣ" ಅಂತ. ನ್ಯಾಯವಾದ ಮಾತು ಅಲ್ವಾ? ತಗೊಳ್ಳಿ, ಅರ್ಧ ಲೀಟರ್ ಬಂದಿದೆ. 210 ರೂಪಾಯಿ. ಸೋಮವಾರದಿಂದ ಅಂಗಡಿಯಲ್ಲಿ ಸಿಗುತ್ತದೆ. ದೂರದವರು ಕಾಮೆಂಟ್‌ನಲ್ಲಿ ಊರ ಹೆಸರು ಬರೆಯಿರಿ, ಕಳಿಸುವ ದಾರಿ ಹುಡುಕುತ್ತೇವೆ.

ಎರಡನೇ ವಿಡಿಯೊ, 30 ಸೆಕೆಂಡ್

(ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ತಳ ಹತ್ತಿರದಿಂದ ಕಾಣಲಿ.)

ನೋಡಿ, ಕೆಳಗೆ ತೆಳ್ಳಗೆ ಗಸಿ ಇದೆ. ಮೊನ್ನೆ ಒಬ್ಬರು "ಕೆಟ್ಟಿದೆಯಾ?" ಅಂತ ಕೇಳಿದರು. ಇಲ್ಲ, ಅದು ಶೇಂಗಾದ್ದೇ ಪುಡಿ. ನಾವು ಎಣ್ಣೆಯನ್ನು ಮೂರು ದಿನ ಸುಮ್ನೆ ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸುತ್ತೇವೆ. ಆದರೂ ಚೂರು ಉಳಿಯುತ್ತದೆ.

ರಿಫೈನ್ಡ್ ಎಣ್ಣೆಯಲ್ಲಿ ಬಣ್ಣ, ವಾಸನೆ ಎರಡನ್ನೂ ತೆಗೆದಿರುತ್ತಾರೆ. ನಮ್ಮದರಲ್ಲಿ ಎರಡೂ ಇವೆ. ಹಾಗಾಗಿ ಕೆಲವರಿಗೆ ಮೊದಲ ದಿನ ಘಮ ಜಾಸ್ತಿ ಅನ್ನಿಸಬಹುದು. ಚಟ್ನಿಪುಡಿಗೆ ಒಂದು ಚಮಚ ಹಾಕಿ, ಬಿಸಿ ರೊಟ್ಟಿ ಜೊತೆ ತಿಂದು ನೋಡಿ.

ಬಾಟಲಿಗೆ ಬಿಸಿಲು ತಾಗದ ಹಾಗೆ ಇಡಿ. ಒದ್ದೆ ಚಮಚ ಅದ್ದಬೇಡಿ.

(ರೊಟ್ಟಿ ಮುರಿದು, ಚಟ್ನಿಪುಡಿಗೆ ಅದ್ದಿ, ಬಾಯಿಗೆ.)

ಹ್ಞಾ, ಬನ್ನಿ ಮತ್ತೆ. ನಿಮಗೂ ಒಂದು ರೊಟ್ಟಿ ತಟ್ಟುತ್ತೇನೆ.