ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ ಕೋರಿ ಮನವಿ

ದಿನಾಂಕ: 10-06-2024
ಸ್ಥಳ: ಹಾಸನ

ಇವರಿಗೆ,
ಮುಖ್ಯೋಪಾಧ್ಯಾಯರು,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ಹೊಸಹಳ್ಳಿ, ಹಾಸನ ತಾಲ್ಲೂಕು.

ಇವರಿಂದ,
ಪವಿತ್ರ ಎಚ್. ಎನ್.,
ತಂದೆ: ನಂಜೇಗೌಡ,
ಹೊಸಹಳ್ಳಿ, ಹಾಸನ ತಾಲ್ಲೂಕು.

ಮಾನ್ಯರೇ,

ವಿಷಯ: 1ರಿಂದ 7ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿರುವ ಬಗ್ಗೆ ಪ್ರಮಾಣಪತ್ರ ನೀಡುವಂತೆ ಕೋರಿ.

ನಾನು ತಮ್ಮ ಶಾಲೆಯಲ್ಲಿ 2004-05ನೇ ಸಾಲಿನಲ್ಲಿ 1ನೇ ತರಗತಿಗೆ ದಾಖಲಾಗಿ, 2010-11ನೇ ಸಾಲಿನಲ್ಲಿ 7ನೇ ತರಗತಿ ಮುಗಿಸಿ, ವರ್ಗಾವಣೆ ಪತ್ರ ಪಡೆದು ಪ್ರೌಢಶಾಲೆಗೆ ಸೇರಿದ ಹಳೆಯ ವಿದ್ಯಾರ್ಥಿನಿ. ನನ್ನ ದಾಖಲಾತಿ ಸಂಖ್ಯೆ 47/2004-05, ಜನ್ಮ ದಿನಾಂಕ 12-05-1998. ಈಗ ರಾಜ್ಯ ಸರ್ಕಾರದ ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದು, 1ರಿಂದ 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇರುವ ಶೇ. 5ರ ಮೀಸಲಾತಿಯನ್ನು ಕೋರಲು ಇಚ್ಛಿಸಿದ್ದೇನೆ. 8ರಿಂದ 10ನೇ ತರಗತಿಯವರೆಗಿನ ಪ್ರಮಾಣಪತ್ರವನ್ನು ಪ್ರೌಢಶಾಲೆಯಿಂದ ಪಡೆದಿದ್ದೇನೆ. ಮೊದಲ ಏಳು ವರ್ಷಗಳದ್ದನ್ನು ತಾವೇ ನೀಡಬೇಕಾಗಿದೆ.

ಹಿಂದೆ ಒಂದು ನೇಮಕಾತಿಯಲ್ಲಿ ನಾನು ಹತ್ತನೇ ತರಗತಿಯ ಅಂಕಪಟ್ಟಿಯನ್ನಷ್ಟೇ ಲಗತ್ತಿಸಿದ್ದೆ. ಪ್ರಥಮ ಭಾಷೆ ಕನ್ನಡವಾಗಿತ್ತು ಎಂಬುದರಿಂದ ಎಲ್ಲ ತರಗತಿಗಳ ಬೋಧನಾ ಮಾಧ್ಯಮವೂ ಕನ್ನಡವೇ ಎಂದು ಸಾಬೀತಾಗುವುದಿಲ್ಲವೆಂದು ದಾಖಲೆ ಪರಿಶೀಲನೆಯ ವೇಳೆ ತಿಳಿಸಿ, ನನ್ನ ಮೀಸಲಾತಿ ಕೋರಿಕೆಯನ್ನು ತಿರಸ್ಕರಿಸಿದರು. ಗ್ರಾಮೀಣ ಅಭ್ಯರ್ಥಿಯ ಪ್ರಮಾಣಪತ್ರ ನನ್ನಲ್ಲಿದ್ದರೂ, ಅದು ಓದಿದ ಸ್ಥಳವನ್ನು ದೃಢೀಕರಿಸುತ್ತದೆಯೇ ಹೊರತು ಮಾಧ್ಯಮವನ್ನಲ್ಲ. ತಮ್ಮ ಶಾಲೆಯಲ್ಲಿ ಇಂಗ್ಲಿಷ್ ನಮಗೆ ಒಂದು ವಿಷಯ ಮಾತ್ರವಾಗಿತ್ತು, ಲ.ಸಾ.ಅ., ಮ.ಸಾ.ಅ.ದಿಂದ ದ್ಯುತಿಸಂಶ್ಲೇಷಣೆಯವರೆಗೆ ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಕನ್ನಡದಲ್ಲೇ ನಡೆದವು. ಆ ಕಲಿಕೆಯ ಬಗ್ಗೆ ನನಗೆ ಹೆಮ್ಮೆಯಿದೆ. ಕಾಗದವೊಂದರ ಕೊರತೆಯಿಂದ ಅದು ಲೆಕ್ಕಕ್ಕೆ ಬಾರದೇ ಹೋಗುವುದು ಮತ್ತೊಮ್ಮೆ ಆಗಬಾರದೆಂದು ಈ ಮನವಿ ಸಲ್ಲಿಸುತ್ತಿದ್ದೇನೆ.

ಆದ್ದರಿಂದ, ದಾಖಲಾತಿ ವಹಿಯನ್ನು ಪರಿಶೀಲಿಸಿ, ಲಗತ್ತಿಸಿರುವ ನಿಗದಿತ ನಮೂನೆಯಲ್ಲಿ ‘1ನೇ ತರಗತಿಯಿಂದ 7ನೇ ತರಗತಿಯವರೆಗೆ’ ಎಂದು ತರಗತಿಗಳನ್ನೂ, ವ್ಯಾಸಂಗದ ವರ್ಷಗಳನ್ನೂ, ‘ಕನ್ನಡ ಮಾಧ್ಯಮ’ ಎಂಬುದನ್ನೂ ಸ್ಪಷ್ಟವಾಗಿ ನಮೂದಿಸಿ, ತಮ್ಮ ಸಹಿ, ಹೆಸರು, ದಿನಾಂಕ ಹಾಗೂ ಶಾಲೆಯ ಮೊಹರಿನೊಂದಿಗೆ ನೀಡಬೇಕೆಂದು ಕೋರುತ್ತೇನೆ. ಇನ್ನೊಂದು ವಿಷಯವನ್ನು ತಮ್ಮ ಗಮನಕ್ಕೆ ತರಬೇಕಿದೆ: ವಹಿಯಲ್ಲಿ ನನ್ನ ಹೆಸರು ‘ಪವಿತ್ರ’ ಎಂದಷ್ಟೇ ಇದ್ದು, ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ‘ಪವಿತ್ರ ಎಚ್. ಎನ್.’ ಎಂದಿದೆ. ವಹಿಯಲ್ಲಿರುವಂತೆಯೇ ಹೆಸರನ್ನು ಬರೆದು, ಅದರ ಜೊತೆಗೆ ತಂದೆಯ ಹೆಸರು ಮತ್ತು ಜನ್ಮ ದಿನಾಂಕವನ್ನೂ ಸೇರಿಸಿದರೆ ಇಬ್ಬರೂ ಒಬ್ಬಳೇ ಎಂಬುದಕ್ಕೆ ಅನುಮಾನ ಉಳಿಯುವುದಿಲ್ಲ.

ಅರ್ಜಿ ಸಲ್ಲಿಸಲು ಇದೇ ತಿಂಗಳ 28 ಕೊನೆಯ ದಿನವಾಗಿದ್ದು, ಪ್ರಮಾಣಪತ್ರವು ಅದಕ್ಕಿಂತ ಮೊದಲಿನ ದಿನಾಂಕದ್ದಾಗಿರಬೇಕು. ಹಳೆಯ ವಹಿಯನ್ನು ಹುಡುಕಲು ಸಮಯ ಬೇಕಾಗಬಹುದೆಂಬ ಅರಿವು ನನಗಿದೆ. ತಾವು ತಿಳಿಸಿದ ದಿನ ಶಾಲಾ ವೇಳೆಯಲ್ಲಿ ನಾನೇ ಬಂದು ಪಡೆದುಕೊಳ್ಳುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಪವಿತ್ರ ಎಚ್. ಎನ್.

ಲಗತ್ತು: ವರ್ಗಾವಣೆ ಪತ್ರ, ಹತ್ತನೇ ತರಗತಿಯ ಅಂಕಪಟ್ಟಿ ಮತ್ತು ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಗಳು, ಪ್ರಮಾಣಪತ್ರದ ನಿಗದಿತ ನಮೂನೆ.