ಸ್ಯಾನಿಟೈಸರ್‌ನಲ್ಲಿ ಮೆಥನಾಲ್ ಪತ್ತೆ: ಗ್ಯಾಸ್ ಕ್ರೊಮ್ಯಾಟೋಗ್ರಫಿ ವಿಧಾನ

ಈ ಪರೀಕ್ಷೆಗೆ 30 ಮೀಟರ್ ಉದ್ದ, 0.32 ಮಿ.ಮೀ. ಒಳವ್ಯಾಸ ಹಾಗೂ 1.8 ಮೈಕ್ರೋಮೀಟರ್ ದಪ್ಪದ ಲೇಪನವಿರುವ, ಶೇ. 6 ಸಯನೊಪ್ರೊಪೈಲ್‌ಫಿನೈಲ್ ಮತ್ತು ಶೇ. 94 ಡೈಮೀಥೈಲ್ ಪಾಲಿಸಿಲೊಕ್ಸೇನ್ ಸ್ಥಿರ ಪ್ರಾವಸ್ಥೆಯ ಕ್ಯಾಪಿಲರಿ ಕಾಲಮ್ಮನ್ನೇ ಬಳಸಬೇಕು. ವಾಹಕ ಅನಿಲ ಹೀಲಿಯಂ. ಆಮ್ಲಜನಕ ನುಸುಳಿದರೆ ಬಿಸಿಯಾದ ಕಾಲಮ್ಮಿನ ಲೇಪನ ಕೆಡುವುದರಿಂದ, ಅನಿಲವು ಆಮ್ಲಜನಕ ಮತ್ತು ತೇವಾಂಶ ಹೀರುವ ಟ್ರ್ಯಾಪ್‌ಗಳ ಮೂಲಕವೇ ಹಾದುಬರಬೇಕು. ಓವನ್ ತಾಪಮಾನವನ್ನು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ನಿಮಿಷ ಇರಿಸಿ, ನಿಮಿಷಕ್ಕೆ 10 ಡಿಗ್ರಿಯಂತೆ 200 ಡಿಗ್ರಿಗೆ ಏರಿಸಬೇಕು. ಶೋಧಕವು ಜ್ವಾಲಾ ಅಯಾನೀಕರಣ ಡಿಟೆಕ್ಟರ್.

ಮೆಥನಾಲ್‌ನ ಧಾರಣ ಕಾಲ ಸುಮಾರು 2.3 ನಿಮಿಷ, ಎಥನಾಲ್‌ನದು 3.1 ನಿಮಿಷ. ಕಾಲಮ್ಮಿನ ತುದಿಯನ್ನು ಕತ್ತರಿಸಿದಾಗ ಈ ಕಾಲ ಕಡಿಮೆಯಾಗುತ್ತದೆ. ಆದ್ದರಿಂದ ಮುದ್ರಿತ ಅಂಕಿಯನ್ನಷ್ಟೇ ನಂಬದೆ, ಪ್ರತಿ ಸರಣಿಯ ಆರಂಭದಲ್ಲಿ ಪ್ರಮಾಣಕ ದ್ರಾವಣವನ್ನು ಇಂಜೆಕ್ಟ್ ಮಾಡಿ, ಅದರ ಧಾರಣ ಕಾಲದೊಂದಿಗೆ ಹೋಲಿಸಿಯೇ ಮಾದರಿಯ ಶಿಖರವನ್ನು ಮೆಥನಾಲ್ ಎಂದು ದಾಖಲಿಸಬೇಕು.