ತಲೆ ಎಣಿಸಿದರೆ ಸತ್ಯ ಸಿಗುವುದಿಲ್ಲ

ಅಧ್ಯಕ್ಷರಿಗೆ, ತೀರ್ಪುಗಾರರಿಗೆ, ಎದುರು ತಂಡದ ಗೆಳೆಯರಿಗೆ ಮತ್ತು ಇಷ್ಟು ಹೊತ್ತು ಕೂತು ಕೇಳುತ್ತಿರುವ ನಿಮಗೆಲ್ಲ ನಮಸ್ಕಾರ.

ಇವತ್ತಿನ ವಿಷಯ "ಬಹುಜನರು ನಂಬಿದ್ದೇ ಸತ್ಯ". ಈ ಮಾತನ್ನು ವಿರೋಧಿಸಲು ನಿಂತಿದ್ದೇನೆ.

ನನಗಿಂತ ಮೊದಲು ಮಾತಾಡಿದ ಗೆಳೆಯರು "ಜನವಾಕ್ಯ ಕರ್ತೃವಾಕ್ಯ" ಎಂಬ ಗಾದೆಯಿಂದ ಶುರು ಮಾಡಿದರು. ಆದರೆ ಅದೇ ಜನ "ಜನ ಮರುಳೋ ಜಾತ್ರೆ ಮರುಳೋ" ಅಂತಲೂ ಹೇಳಿದ್ದಾರೆ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂತಲೂ ಹೇಳಿದ್ದಾರೆ. ಗಾದೆಗೆ ಗಾದೆ ಎದುರಿಡುತ್ತಾ ಕೂತರೆ ಇಲ್ಲೇ ಸಂಜೆಯಾಗುತ್ತದೆ. ಅದರ ಬದಲು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಅಡಿಕೆ ತೋಟ. ಆರು ವರ್ಷದ ಹಿಂದೆ ಚಿಕ್ಕಪ್ಪ ತೋಟದಲ್ಲಿ ಒಣಸೋಗೆ ಎಳೆದು ಒಟ್ಟುತ್ತಿದ್ದರು. ಪಾದದ ಹತ್ತಿರ ಏನೋ ಚುಚ್ಚಿದ ಹಾಗಾಯಿತು. ಬಗ್ಗಿ ನೋಡಿದರೆ ದಪ್ಪ ಮೈಯ, ಕಂದು ಬಣ್ಣದ ಹಾವು. ಕೊಳಕುಮಂಡಲ. ಮನೆಗೆ ಬಂದು ಜಗಲಿ ಮೇಲೆ ಕೂತರು. ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ಸೇರಿದರು. ಎಲ್ಲರದ್ದೂ ಒಂದೇ ಮಾತು: "ಮದ್ದಿನ ಮನೆಗೆ ಕರ್ಕೊಂಡು ಹೋಗಿ."

ಮದ್ದಿನ ಮನೆ ಅಂದರೆ ನಮ್ಮ ಸೀಮೆಯಲ್ಲಿ ಹಾವು ಕಚ್ಚಿದ್ದಕ್ಕೆ ಬೇರು ತೇದು ಕೊಡುವವರ ಮನೆ. ಅವರು ಮೋಸಗಾರರಲ್ಲ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೂ ಎದ್ದು ಬರುತ್ತಾರೆ. ಅವರ ಮದ್ದಿನಿಂದ ಬದುಕಿದೆ ಅನ್ನುವ ಜನ ನಮ್ಮ ಹೋಬಳಿಯಲ್ಲಿ ನೂರಾರು. ನನ್ನ ಅಜ್ಜಿಯೂ ಅವರಲ್ಲಿ ಒಬ್ಬರು. ಸರಿ, ಚಿಕ್ಕಪ್ಪನನ್ನು ಅಲ್ಲಿಗೇ ಕರೆದುಕೊಂಡು ಹೋದರು. ಮದ್ದು ಕುಡಿಸಿದರು, ಕಾಲಿಗೆ ಹಚ್ಚಿದರು. ಕಾದರು. ಕಾಲು ಊದಿ ಕಂಬದ ಹಾಗಾಯಿತು. ಒಸಡಿನಿಂದ ರಕ್ತ ಜಿನುಗಲು ಶುರುವಾದಾಗ ಅಪ್ಪ ಜೀಪು ತರಿಸಿದರು. ಅಷ್ಟರಲ್ಲಿ ಐದು ಗಂಟೆ ಕಳೆದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಮಾಡಿದ ಒಂದು ಪರೀಕ್ಷೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ವಲ್ಪ ರಕ್ತ ತೆಗೆದು ಒಂದು ಒಣ ಗಾಜಿನ ಟ್ಯೂಬಿಗೆ ಹಾಕಿದರು. ಅಲ್ಲಾಡಿಸದೆ ಇಟ್ಟರು. 20 ನಿಮಿಷ ಆದ ಮೇಲೆ ಟ್ಯೂಬನ್ನು ಮೆಲ್ಲಗೆ ವಾಲಿಸಿದರು. ನಮ್ಮ ನಿಮ್ಮ ರಕ್ತವಾದರೆ ಅಷ್ಟು ಹೊತ್ತಿಗೆ ಹೆಪ್ಪುಗಟ್ಟಿರುತ್ತದೆ. ಚಿಕ್ಕಪ್ಪನ ರಕ್ತ ನೀರಿನ ಹಾಗೆ ಹರಿಯಿತು. ಆ ಟ್ಯೂಬು ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಅಂಗಳದಲ್ಲಿ ಎಷ್ಟು ಜನ ಇದ್ದರು, ಏನು ನಂಬಿದ್ದರು ಅಂತ ಅದಕ್ಕೆ ಗೊತ್ತೂ ಇರಲಿಲ್ಲ. ವಿಷ ಏರಿದೆ ಅಂತ ತೋರಿಸಿತು, ಅಷ್ಟೆ.

ಚಿಕ್ಕಪ್ಪ ಬದುಕಿದರು. ಆದರೆ ಕಿಡ್ನಿಗೆ ಪೆಟ್ಟು ಬಿತ್ತು. ತಿಂಗಳುಗಟ್ಟಲೆ ಡಯಾಲಿಸಿಸ್ ಆಯಿತು. ಈಗಲೂ ಉಪ್ಪು, ನೀರು ಎಲ್ಲ ಅಳೆದು ತೆಗೆದುಕೊಳ್ಳಬೇಕು.

ಈಗ ನನ್ನ ಪ್ರಶ್ನೆ. ನೂರಾರು ಜನ ಸುಳ್ಳು ಹೇಳಿದರಾ? ಇಲ್ಲ. ಅಜ್ಜಿ ಸುಳ್ಳು ಹೇಳಿದರಾ? ಖಂಡಿತ ಇಲ್ಲ. ಹಾವು ಕಚ್ಚಿತ್ತು, ಮದ್ದು ಕುಡಿದರು, ಬದುಕಿದರು. ಮೂರೂ ನಿಜ. ಹಾಗಾದರೆ ತಪ್ಪಿದ್ದೆಲ್ಲಿ?

ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಅದರಲ್ಲಿ ಬಹುಪಾಲಿಗೆ ಮನುಷ್ಯನನ್ನು ಕೊಲ್ಲುವಷ್ಟು ವಿಷವೇ ಇಲ್ಲ. ಜಾಸ್ತಿ ಸಾವಿಗೆ ಕಾರಣವಾಗುವುದು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ನಾಲ್ಕೂ ಪ್ರತಿ ಸಲ ಕಚ್ಚಿದಾಗ ವಿಷ ಬಿಡುತ್ತವೆ ಅಂತಿಲ್ಲ. ಬರೀ ಹಲ್ಲು ತಾಗಿಸಿ ಬಿಡುವುದೂ ಉಂಟು. ಅಂದರೆ ಹಾವು ಕಚ್ಚಿದವರಲ್ಲಿ ಹೆಚ್ಚಿನವರು ಮದ್ದು ಕುಡಿದರೂ ಬದುಕುತ್ತಾರೆ, ಮಜ್ಜಿಗೆ ಕುಡಿದರೂ ಬದುಕುತ್ತಾರೆ. ಬದುಕಿದವರು ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ ಆ ಕತೆ ಹೇಳುತ್ತಾರೆ. ಕೇಳಿದವರು ಇನ್ನೊಬ್ಬರಿಗೆ ಹೇಳುತ್ತಾರೆ. ನಿಜವಾಗಿ ವಿಷ ಏರಿದವರು? ಅವರು ಬಂದು ಹೇಳುವುದಿಲ್ಲ. ಅವರ ಮನೆಯವರು "ಆಯಸ್ಸು ಅಷ್ಟೇ ಇತ್ತು" ಅಂತ ಸುಮ್ಮನಾಗುತ್ತಾರೆ. ನಂಬುವವರ ಲೆಕ್ಕ ಪ್ರತಿ ವರ್ಷ ಏರುತ್ತದೆ. ಸತ್ತವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಇವತ್ತಿನ ವಿಷಯ ನಮಗೆ ಒಪ್ಪಿಕೊಳ್ಳಿ ಅನ್ನುವುದು ಇಂಥ ಲೆಕ್ಕವನ್ನೇ. ಇಲ್ಲಿ ನಂಬಿದವರ ತಲೆ ಎಣಿಸಿದ್ದೇವೆಯೇ ಹೊರತು ಸಾಕ್ಷಿಯನ್ನು ಎಣಿಸಿಲ್ಲ. ಭಾರತದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸುಮಾರು 58,000 ಅಂತ ಅಂದಾಜಿದೆ. ಅವರಲ್ಲಿ ಎಷ್ಟೋ ಜನ ಆಸ್ಪತ್ರೆಗೆ ತಲುಪುವ ಮೊದಲೇ ಹೋಗಿರುತ್ತಾರೆ.

ಇನ್ನೊಂದು ಮಾತು. ಸಾವಿರ ಜನ ಒಂದೇ ಮಾತು ಹೇಳಿದರೆ ಸಾವಿರ ಸಾಕ್ಷಿ ಅಂತ ನಮಗೆ ಅನ್ನಿಸುತ್ತದೆ. ಆ ಸಾವಿರ ಜನರೂ ಒಬ್ಬನ ಬಾಯಿಂದ ಕೇಳಿ ಹೇಳುತ್ತಿದ್ದರೆ ಸಾಕ್ಷಿ ಒಂದೇ ಅಲ್ವಾ? 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ಆಗ ನಮ್ಮಮ್ಮ ಹೈಸ್ಕೂಲು. ಲೋಟ ಹಿಡಿದು ಶಿವಮೊಗ್ಗದಲ್ಲಿ ಸಾಲಲ್ಲಿ ನಿಂತಿದ್ದರಂತೆ. ಚಮಚದ ಹಾಲು ಕಡಿಮೆಯಾದದ್ದನ್ನು ಅವರೂ ನೋಡಿದ್ದಾರೆ. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಅದನ್ನೇ ಮಾಡಿ ನೋಡಿದರು. ಚಮಚದ ಅಂಚಿನ ಹಾಲು ಸೊಂಡಿಲಿಗೆ ತಾಗಿದ ಕೂಡಲೇ ಅಂಟಿಕೊಂಡು, ತೆಳ್ಳಗಿನ ಪದರವಾಗಿ ವಿಗ್ರಹದ ಮೈಮೇಲೆ ಕೆಳಕ್ಕೆ ಇಳಿಯುತ್ತಿತ್ತು. ಬಿಳಿ ಹಾಲು ಕಣ್ಣಿಗೆ ಕಾಣುತ್ತಿರಲಿಲ್ಲ, ಬಣ್ಣದ ಹಾಲು ಕಂಡಿತು. ಕೋಟಿ ಜನ ನೋಡಿದ್ದಕ್ಕಿಂತ ಒಂದು ಚಿಟಿಕೆ ಬಣ್ಣ ಜಾಸ್ತಿ ಹೇಳಿತು. ಅಮ್ಮನ ಭಕ್ತಿಯ ಬಗ್ಗೆ ನಾನು ಹಗುರವಾಗಿ ಮಾತಾಡುತ್ತಿಲ್ಲ. ಭಕ್ತಿ ಅವರದು. ಹಾಲು ಎಲ್ಲಿಗೆ ಹೋಯಿತು ಎಂಬುದು ಬೇರೆ ಪ್ರಶ್ನೆ.

ಎದುರು ತಂಡದ ಎರಡನೆಯ ಭಾಷಣಕಾರರು ಒಂದು ಒಳ್ಳೆಯ ಉದಾಹರಣೆ ಕೊಟ್ಟರು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ದನಗಳ ಪ್ರದರ್ಶನ. ಒಂದು ಎತ್ತನ್ನು ಕಡಿದು ಸಿದ್ಧ ಮಾಡಿದರೆ ಎಷ್ಟು ತೂಗುತ್ತದೆ ಅಂತ ಜನ ಊಹಿಸಿ ಚೀಟಿ ಬರೆಯಬೇಕು. ಫ್ರಾನ್ಸಿಸ್ ಗಾಲ್ಟನ್ ಆ 787 ಚೀಟಿಗಳನ್ನು ಲೆಕ್ಕ ಹಾಕಿದರು. ನಡುವಿನ ಊಹೆ 1,207 ಪೌಂಡ್, ನಿಜವಾದ ತೂಕ 1,198 ಪೌಂಡ್. "ನೋಡಿ, ಗುಂಪಿಗೆ ಬುದ್ಧಿ ಇದೆ" ಅಂದರು ಗೆಳೆಯರು. ನಾನು ಒಪ್ಪುತ್ತೇನೆ. ಆದರೆ ಅಲ್ಲಿ ಪ್ರತಿಯೊಬ್ಬರೂ ಎತ್ತನ್ನು ಕಣ್ಣಾರೆ ನೋಡಿದ್ದರು. ತಮ್ಮ ತಮ್ಮ ಚೀಟಿ ತಾವೇ ಬರೆದರು. ಕೈಯಿಂದ ಕಾಸು ಕೊಟ್ಟು ಬರೆದರು, ಹಾಗಾಗಿ ಯೋಚಿಸಿ ಬರೆದರು. ನಮ್ಮ ಅಂಗಳದಲ್ಲಿ ಹಾಗಿರಲಿಲ್ಲ. ಮೊದಲು ಒಬ್ಬ ಹಿರಿಯರು "ಮದ್ದಿನ ಮನೆ" ಅಂದರು, ಉಳಿದವರು ತಲೆಯಾಡಿಸಿದರು.

ಅದಕ್ಕಿಂತ ದೊಡ್ಡ ಮಾತು ಇದು. ಆ ಗುಂಪು ಸರಿ ಅಂತ ನಮಗೆ ಗೊತ್ತಾದದ್ದು ಹೇಗೆ? ತಕ್ಕಡಿಯಿಂದ. ಕೊನೆಗೆ ತೂಗಿ ನೋಡಿದರು. ಗುಂಪು ಹೇಳಿದ್ದೇ ಸತ್ಯವಾಗಿದ್ದರೆ ತೂಗುವ ಕೆಲಸವೇ ಇರಲಿಲ್ಲ, ತೂಕ 1,207 ಅಂತ ಬರೆದು ಮನೆಗೆ ಹೋಗಬಹುದಿತ್ತು. ಗೆಳೆಯರು ಕೊಟ್ಟ ಉದಾಹರಣೆಯಲ್ಲೇ ತಕ್ಕಡಿ ನನ್ನ ಕಡೆ ಇದೆ.

ಪ್ರಜಾಪ್ರಭುತ್ವದ ಮಾತೂ ಬಂತು. ಬಹುಮತ ಬೇಡ ಅಂದರೆ ಚುನಾವಣೆಯೂ ಬೇಡವಾ ಅಂತ ಕೇಳಿದರು. ಮತ ಹಾಕುವುದು ನಮ್ಮನ್ನು ಯಾರು ಆಳಬೇಕು ಅಂತ ತೀರ್ಮಾನ ಮಾಡಲು. ಅದು ಆಯ್ಕೆ. ಪಂಚಾಯಿತಿ ಸಭೆಯಲ್ಲಿ ಬೋರ್‌ವೆಲ್ ಎಲ್ಲಿ ಕೊರೆಸಬೇಕು ಅಂತ ಕೈ ಎತ್ತಿ ತೀರ್ಮಾನಿಸಬಹುದು. ಅಲ್ಲಿ ನೀರು ಬರುತ್ತದೋ ಇಲ್ಲವೋ ಅಂತ ಕೈ ಎತ್ತಿ ತೀರ್ಮಾನಿಸಲು ಆಗುವುದಿಲ್ಲ.

ಇನ್ನು "ವಿಜ್ಞಾನಿಗಳೂ ಬಹುಮತವನ್ನೇ ನಂಬುತ್ತಾರೆ" ಎಂಬ ಆಕ್ಷೇಪ. ಹೊಟ್ಟೆಯ ಹುಣ್ಣಿಗೆ ಖಾರ, ಟೆನ್ಷನ್, ಹುಳಿ ರಸ ಇವೇ ಕಾರಣ ಅಂತ ದಶಕಗಳ ಕಾಲ ಹೆಚ್ಚಿನ ಡಾಕ್ಟರುಗಳು ನಂಬಿದ್ದರು. ಆಸ್ಟ್ರೇಲಿಯಾದ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಇಬ್ಬರು ಅದು ಬ್ಯಾಕ್ಟೀರಿಯಾದಿಂದ ಅಂದರು. ಹೆಚ್ಚು ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು, ಹೊಟ್ಟೆಯ ಒಳಪದರ ಊದಿಕೊಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇವತ್ತು ಹೆಚ್ಚಿನ ಡಾಕ್ಟರುಗಳು ಅವರ ಮಾತನ್ನೇ ಒಪ್ಪುತ್ತಾರೆ. ಸಾಕ್ಷಿ ಮೊದಲು ಬಂತು, ಬಹುಮತ ಅದರ ಹಿಂದೆ ಬಂತು. ನಾನು ಡಾಕ್ಟರ್ ಮಾತು ಕೇಳುವುದು ಅವರು ಜಾಸ್ತಿ ಜನ ಇದ್ದಾರೆ ಅಂತ ಅಲ್ಲ. ಅವರ ಮಾತನ್ನು ಪರೀಕ್ಷೆ ಮಾಡಿ ನೋಡಬಹುದು, ತಪ್ಪಾದರೆ ಅವರೇ ತಿದ್ದಿಕೊಳ್ಳಬೇಕಾಗುತ್ತದೆ, ಅದಕ್ಕೆ.

"ನಂಬಿದರೆ ನಂಬಲಿ ಬಿಡಿ, ಯಾರಿಗೇನು ತೊಂದರೆ?" ಅಂತ ಕೇಳುವವರೂ ಇದ್ದಾರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಗ್ರಹಣದ ಹೊತ್ತಲ್ಲಿ ಹೂತರೆ ವಾಸಿಯಾಗುತ್ತದೆ ಎಂಬ ನಂಬಿಕೆ. ಹೂತವರು ಆ ಮಕ್ಕಳ ಹೆತ್ತವರೇ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಹೂತರು. ಸುತ್ತಲಿನವರೆಲ್ಲ ಒಂದೇ ಮಾತು ಹೇಳುತ್ತಿದ್ದರೆ ಒಬ್ಬ ತಾಯಿ ಬೇರೆ ಏನು ಮಾಡಿಯಾಳು? ಆ ಫೋಟೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ಮತ್ತೆ ನಮ್ಮೂರಿಗೆ ಬರುತ್ತೇನೆ. ಈ ಮಳೆಗಾಲದಲ್ಲಿ ಪಕ್ಕದ ಮನೆಯ ಹತ್ತು ವರ್ಷದ ಹುಡುಗನಿಗೆ ಹಾವು ಕಚ್ಚಿತು. ಯಾವ ಹಾವು ಅಂತ ಯಾರೂ ನೋಡಿರಲಿಲ್ಲ. ಮತ್ತೆ ಅದೇ ಅಂಗಳ, ಹದಿನೈದು ಜನ. ಹದಿನಾಲ್ಕು ಜನ ಮದ್ದಿನ ಮನೆ ಅಂದರು. ಚಿಕ್ಕಪ್ಪ ಒಬ್ಬರೇ ಆಗುವುದಿಲ್ಲ ಅಂದರು. ಅಜ್ಜಿ ಬೈದರು. ಹುಡುಗನ ಅಪ್ಪ ಕೈ ಮುಗಿದ. ಚಿಕ್ಕಪ್ಪ ಜಗ್ಗಲಿಲ್ಲ. ಹುಡುಗನನ್ನು ಎತ್ತಿ ಜೀಪಿನಲ್ಲಿ ಮಲಗಿಸಿ, ಕಾಲು ಅಲ್ಲಾಡದ ಹಾಗೆ ಹಿಡಿದುಕೊಂಡು ಆಸ್ಪತ್ರೆಗೆ ಹೋದರು. ಮತ್ತೆ ಅದೇ ಗಾಜಿನ ಟ್ಯೂಬು, ಅದೇ 20 ನಿಮಿಷ. ವಾಲಿಸಿದರೆ ರಕ್ತ ಗಟ್ಟಿಯಾಗಿ ನಿಂತಿತ್ತು. ಒಂದು ದಿನ ಇಟ್ಟುಕೊಂಡು ನೋಡಿದರು. ಏನೂ ಆಗಲಿಲ್ಲ. ಮನೆಗೆ ಕಳಿಸಿದರು.

ಊರಲ್ಲಿ ಈಗಲೂ ಹೇಳುತ್ತಾರೆ, "ಸುಮ್ನೆ ಆಸ್ಪತ್ರೆಗೆ ಹೋದ್ರಿ, ಮದ್ದು ಕುಡಿಸಿದ್ದರೂ ಬದುಕುತ್ತಿದ್ದ" ಅಂತ. ನಿಜ, ಬದುಕುತ್ತಿದ್ದ. ಮದ್ದಿನಿಂದ ಬದುಕಿದೆ ಅನ್ನುವವರ ಪಟ್ಟಿಗೆ ಆ ಹುಡುಗನ ಹೆಸರೂ ಸೇರುತ್ತಿತ್ತು. ಮುಂದಿನ ಸಲ ಕೊಳಕುಮಂಡಲ ಕಚ್ಚಿದವನ ಮುಂದೆ ಆ ಹೆಸರನ್ನೂ ಹೇಳುತ್ತಿದ್ದರು.

ಇವತ್ತಿನ ಈ ಮಾತನ್ನು ನಾನು ಪೂರ್ಣವಾಗಿ ವಿರೋಧಿಸುತ್ತೇನೆ. ನಮಸ್ಕಾರ.